ಮೀನಖಂಡ ಹರಿದ ಏಳು ವಾರ: ಏನು ತಿಂದೆ, ಎಷ್ಟು ತಿಂದೆ

ನೆಟ್ ಹತ್ತಿರ ಬೀಳುತ್ತಿದ್ದ ಶಟಲ್ ಎತ್ತಲು ಮುಂದಕ್ಕೆ ಚಿಮ್ಮಿದೆ. ಎಡಗಾಲಿನ ಹಿಂಭಾಗಕ್ಕೆ ಯಾರೋ ಕಲ್ಲು ಬೀಸಿ ಹೊಡೆದ ಹಾಗಾಯಿತು. ತಿರುಗಿ ನೋಡಿದರೆ ಹಿಂದೆ ಯಾರೂ ಇರಲಿಲ್ಲ. ಮೀನಖಂಡ ಹರಿದಾಗ ಹೀಗೇ ಅನ್ನಿಸುತ್ತದೆ ಎಂದು ಆಮೇಲೆ ವೈದ್ಯರು ಹೇಳಿದರು. ಹಿಮ್ಮಡಿಯ ದೊಡ್ಡ ಸ್ನಾಯುರಜ್ಜು ಹರಿದಿದೆಯಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದೆಯಾ ಎಂದು ಮೊದಲು ನೋಡಿದರು. ಎರಡೂ ತೊಂದರೆ ಇರಲಿಲ್ಲ. ಸ್ನಾಯುವಿನ ಒಂದಿಷ್ಟು ಎಳೆ ಮಾತ್ರ ಹರಿದಿತ್ತು. ಆಪರೇಷನ್ ಬೇಡ, ಆದರೆ ಆರೇಳು ವಾರ ಆಟವೂ ಬೇಡ ಅಂದರು.

ಮನೆಗೆ ಬಂದವನಿಗೆ ನೋವಿಗಿಂತ ಜಾಸ್ತಿ ಕಾಡಿದ್ದು ಹೊಟ್ಟೆಯ ಚಿಂತೆ. ಎರಡು ವರ್ಷದ ಹಿಂದೆ ಕಣಕಾಲು ಉಳುಕಿ ಎರಡು ತಿಂಗಳು ಕೂತಿದ್ದೆ. ಆಗ ಊಟದ ಬಗ್ಗೆ ಏನೂ ಯೋಚಿಸಲಿಲ್ಲ. ಆಡುವಾಗ ತಿನ್ನುತ್ತಿದ್ದಷ್ಟೇ ತಿಂದೆ, ಸಂಜೆ ಬೇಜಾರಿಗೆ ಇನ್ನಷ್ಟು ತಿಂದೆ. ಮೂರು ಕಿಲೊ ಏರಿತು. ಅದನ್ನು ಇಳಿಸಲು ಐದು ತಿಂಗಳು ಹಿಡಿಯಿತು. ಹಾಗಾಗಿ ಈ ಸಲ ಮೊದಲ ದಿನವೇ ಊಟ ಕತ್ತರಿಸಿದೆ. ರಾತ್ರಿ ಊಟ ಬಿಟ್ಟು ಒಂದು ಹಣ್ಣು, ಒಂದು ಲೋಟ ಮಜ್ಜಿಗೆ. ಬೆಳಿಗ್ಗೆ ಮಧ್ಯಾಹ್ನ ಅರ್ಧರ್ಧ. ಲೆಕ್ಕ ಹಾಕಿದರೆ ದಿನಕ್ಕೆ 1400 ಕ್ಯಾಲೊರಿ ಆಗುತ್ತಿತ್ತು.

ಒಂಬತ್ತು ದಿನಕ್ಕೆ ತಕ್ಕಡಿಯಲ್ಲಿ 1.9 ಕಿಲೊ ಇಳಿದಿತ್ತು. ನನಗೆ ಖುಷಿಯೋ ಖುಷಿ. ಆದರೆ ಬೇರೆ ಕೆಲವು ವಿಷಯ ಸರಿ ಇರಲಿಲ್ಲ. ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತಿತ್ತು. ಫಿಸಿಯೊ ಹೇಳಿಕೊಟ್ಟ ಹಗುರ ವ್ಯಾಯಾಮ ಮಾಡಿದರೂ ಮರುದಿನವೆಲ್ಲ ಕಾಲು ಬಿಗಿದುಕೊಂಡಿರುತ್ತಿತ್ತು. ಹನ್ನೆರಡನೇ ದಿನ ಫಿಸಿಯೊ ಟೇಪು ಹಿಡಿದು ಎರಡೂ ಮೀನಖಂಡ ಅಳೆದರು. ಬಲಗಾಲು 37 ಸೆಂಟಿಮೀಟರ್, ಎಡಗಾಲು 35.6.

"ಮೊದಲ ವಾರ ಎಡಗಾಲೇ ದಪ್ಪ ಇತ್ತಲ್ಲ ಮೇಡಂ?" ಅಂದೆ.

"ಅದು ಊತ ಸರ್. ಊತ ಇಳಿದ ಮೇಲೆ ಉಳಿದಿದ್ದು ಇಷ್ಟು," ಅಂದರು. ಆಮೇಲೆ ನಾನು ಏನು ತಿನ್ನುತ್ತಿದ್ದೇನೆ ಎಂದು ಕೇಳಿದರು. ಹೇಳಿದೆ. ಅವರು ತಮ್ಮ ಜೊತೆ ಕೆಲಸ ಮಾಡುವ ಆಹಾರ ತಜ್ಞೆಯ ಹತ್ತಿರ ಅವತ್ತೇ ಕಳಿಸಿದರು.

ಆ ಆಹಾರ ತಜ್ಞೆ ನನ್ನಿಂದ ಮೊದಲು ಮಾಡಿಸಿದ್ದು ಒಂದು ಸಣ್ಣ ಲೆಕ್ಕ. ನನ್ನ ತೂಕ ಪೆಟ್ಟಾಗುವ ಮೊದಲು 70 ಕಿಲೊ, ಎತ್ತರ 170 ಸೆಂಟಿಮೀಟರ್, ವಯಸ್ಸು 38. ಸುಮ್ನೆ ಮಲಗಿದ್ದರೂ ಈ ದೇಹಕ್ಕೆ ದಿನಕ್ಕೆ ಸುಮಾರು 1580 ಕ್ಯಾಲೊರಿ ಬೇಕು. ಕೂತು ಮಾಡುವ ಕೆಲಸ, ಮನೆಯೊಳಗಿನ ಓಡಾಟ ಸೇರಿಸಿ ಅದನ್ನು 1.3ರಿಂದ ಗುಣಿಸಿದರೆ 2050. ಇನ್ನು ಆಟ. ವಾರಕ್ಕೆ ಐದು ದಿನ, ದಿನಕ್ಕೆ ಒಂದೂವರೆ ಗಂಟೆ ಸ್ನೇಹಿತರ ಜೊತೆ ಡಬಲ್ಸ್. ಒಂದು ದಿನದ ಆಟಕ್ಕೆ ಹೆಚ್ಚುವರಿ 470ರಷ್ಟು ಖರ್ಚು. ಅದನ್ನು ಏಳು ದಿನಕ್ಕೆ ಹಂಚಿದರೆ ದಿನಕ್ಕೆ ಬರೀ 340.

ಆ ಸಂಖ್ಯೆ ನೋಡಿ ಆಶ್ಚರ್ಯವಾಯಿತು. ಬೆವರು ಸುರಿಸಿ ಆಡುತ್ತಿದ್ದವನಿಗೆ ಆಟವೇ ಅರ್ಧ ಊಟ ಕರಗಿಸುತ್ತದೆ ಅನ್ನಿಸಿತ್ತು. ನಿಜದಲ್ಲಿ ಆಟ ನಿಂತಾಗ ನಾನು ಕಡಿಮೆ ಮಾಡಬೇಕಿದ್ದುದು ಸುಮಾರು 350 ಕ್ಯಾಲೊರಿ. ನಾನು ಕಡಿಮೆ ಮಾಡಿದ್ದು 1000. ಆಟವಿಲ್ಲದ ದೇಹಕ್ಕೆ ಬೇಕಾದ್ದಕ್ಕಿಂತಲೂ ದಿನಕ್ಕೆ 650 ಕಡಿಮೆ ತಿನ್ನುತ್ತಿದ್ದೆ, ಅದೂ ಸ್ನಾಯು ಕೂಡಿಕೊಳ್ಳಬೇಕಾದ ದಿನಗಳಲ್ಲಿ.

ಹಾಗಾದರೆ ಇಳಿದ 1.9 ಕಿಲೊ? ಅದಕ್ಕೂ ಅವರ ಹತ್ತಿರ ಲೆಕ್ಕ ಇತ್ತು. ಒಂದು ಕಿಲೊ ಕೊಬ್ಬು ಕರಗಲು ಸುಮಾರು 7700 ಕ್ಯಾಲೊರಿ ಕೊರತೆ ಬೇಕು. 650ರಂತೆ ಒಂಬತ್ತು ದಿನಕ್ಕೆ 5850. ಅಂದರೆ ಕೊಬ್ಬು ಕರಗಿದ್ದರೂ ಮುಕ್ಕಾಲು ಕಿಲೊ ದಾಟಿರಲಿಕ್ಕಿಲ್ಲ. ಉಳಿದದ್ದರಲ್ಲಿ ಬಹುಪಾಲು ನೀರು. ಅನ್ನ, ಬ್ರೆಡ್ಡಿನಂಥ ಪಿಷ್ಟ ಕಡಿಮೆಯಾದಾಗ ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಖಾಲಿಯಾಗುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ, ಅದೂ ಹೊರಟುಹೋಗುತ್ತದೆ. ಸ್ವಲ್ಪ ಭಾಗ ಸ್ನಾಯು ಕೂಡ ಇರಬಹುದು ಅಂದರು. ಎಡಗಾಲಿನ ಅಳತೆ ಅದನ್ನೇ ಹೇಳುತ್ತಿತ್ತು.

ಇಲ್ಲಿ ಅವರು ಹೇಳಿದ ಒಂದು ಮಾತು ನನ್ನ ಯೋಚನೆಯನ್ನೇ ಬದಲಿಸಿತು. ಸ್ನಾಯು ಗೋಡೆಯ ಹಾಗೆ ಒಮ್ಮೆ ಕಟ್ಟಿಟ್ಟ ವಸ್ತು ಅಲ್ಲ. ದಿನವೂ ಒಂದು ಕಡೆ ಒಡೆಯುತ್ತಿರುತ್ತದೆ, ಇನ್ನೊಂದು ಕಡೆ ಕಟ್ಟುತ್ತಿರುತ್ತದೆ. ಕಾಲಿಗೆ ಕೆಲಸ ಕೊಡದಿದ್ದಾಗ ಕಟ್ಟುವ ಕೆಲಸ ನಿಧಾನವಾಗುತ್ತದೆ. ಜೊತೆಗೆ ಆ ಸ್ನಾಯು ಊಟದ ಪ್ರೊಟೀನ್‌ಗೆ ಮೊದಲಿನಷ್ಟು ಚುರುಕಾಗಿ ಸ್ಪಂದಿಸುವುದಿಲ್ಲ. ಮೊದಲು ಒಂದು ಹೊತ್ತಿಗೆ ಸ್ವಲ್ಪ ಪ್ರೊಟೀನ್ ಸಾಕಾಗುತ್ತಿದ್ದ ಕಡೆ ಈಗ ಜಾಸ್ತಿ ಕೊಟ್ಟರೆ ಕಟ್ಟುವ ಕೆಲಸ ಸರಿಯಾಗಿ ನಡೆಯುತ್ತದೆ. ಅದೇ ಹೊತ್ತಿಗೆ ಕ್ಯಾಲೊರಿಯೂ ಕಡಿಮೆಯಾದರೆ ಬಂದ ಪ್ರೊಟೀನಿನ ಒಂದು ಭಾಗವನ್ನು ದೇಹ ಉರುವಲಾಗಿ ಸುಟ್ಟುಬಿಡುತ್ತದೆ.

"ಪೆಟ್ಟು ಬಿದ್ದಾಗ ದೇಹಕ್ಕೆ ಜಾಸ್ತಿ ಊಟ ಬೇಕು ಅಂತಾರಲ್ಲ ಮೇಡಂ?" ಎಂದು ಕೇಳಿದೆ. ನನ್ನ ತಾಯಿ ದಿನಾ ಅದನ್ನೇ ಹೇಳುತ್ತಿದ್ದರು.

ದೊಡ್ಡ ಮೂಳೆ ಮುರಿದಾಗ, ದೊಡ್ಡ ಆಪರೇಷನ್ ಆದಾಗ, ಸುಟ್ಟ ಗಾಯಗಳಾದಾಗ ಆ ಮಾತು ಪೂರ್ತಿ ನಿಜ ಅಂದರು. ನನ್ನಂಥ ಸಣ್ಣ ಪೆಟ್ಟಿಗೆ ಹೆಚ್ಚುವರಿ ಬೇಕಾಗುವುದು ತೀರಾ ಸ್ವಲ್ಪ. ಊರುಗೋಲು ಹಿಡಿದು ಓಡಾಡುವವರಿಗೆ ನಡಿಗೆಯ ಖರ್ಚು ಜಾಸ್ತಿಯಾಗುತ್ತದೆ, ಆದರೆ ಅವರು ನಡೆಯುವುದೇ ಕಡಿಮೆ. ಹಾಗಾಗಿ ನನಗೆ ಬರೆದುಕೊಟ್ಟ ಗುರಿ ದಿನಕ್ಕೆ 2050ರಿಂದ 2100 ಕ್ಯಾಲೊರಿ. ಕೊರತೆಯೂ ಬೇಡ, ಹೆಚ್ಚಳವೂ ಬೇಡ. ಪ್ರೊಟೀನ್ ಮಾತ್ರ ಕಿಲೊ ತೂಕಕ್ಕೆ 1.8 ಗ್ರಾಂ, ಅಂದರೆ 125 ಗ್ರಾಂ. ಅದಕ್ಕೂ ಮೊದಲು ಕಿಡ್ನಿ ತೊಂದರೆ ಏನಾದರೂ ಇದೆಯಾ ಎಂದು ಕೇಳಿ ಖಚಿತ ಮಾಡಿಕೊಂಡರು. ಕಿಡ್ನಿ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇಷ್ಟು ಪ್ರೊಟೀನ್ ತಿನ್ನಬಾರದು.

ಆಟ ಆಡುತ್ತಿದ್ದ ದಿನಗಳಲ್ಲೂ ನನ್ನ ಪ್ರೊಟೀನ್ 70 ಗ್ರಾಂ ದಾಟುತ್ತಿರಲಿಲ್ಲ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ರಾತ್ರಿ ಊಟದಲ್ಲಿ ಬರುತ್ತಿತ್ತು. ಪೆಟ್ಟಾದ ಮೇಲೆ ನಾನು ಬಿಟ್ಟಿದ್ದು ಸರಿಯಾಗಿ ಅದೇ ಊಟವನ್ನು! ಕೂತು ಲೆಕ್ಕ ಹಾಕಿದಾಗ ಆ ಒಂಬತ್ತು ದಿನ ದಿನಕ್ಕೆ 40 ಗ್ರಾಂ ಆಸುಪಾಸಿನಲ್ಲಿದ್ದೆ ಎಂದು ಗೊತ್ತಾಯಿತು.

ಗುರಿ ಗೊತ್ತಾದ ಮೇಲೂ ಮೊದಲ ವಾರ ಎಡವಿದೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಪ್ರೊಟೀನ್ ಲೆಕ್ಕ ಹಾಕಲು ಹೊರಟ ನನ್ನ ಇಬ್ಬರು ಸ್ನೇಹಿತರೂ ಇದೇ ತಪ್ಪು ಮಾಡಿದ್ದಾರೆ. ಬೇಳೆಯಲ್ಲಿ 100 ಗ್ರಾಂಗೆ 24 ಗ್ರಾಂ ಪ್ರೊಟೀನ್ ಎಂದು ಪೊಟ್ಟಣದ ಮೇಲೆ ಇತ್ತು. ನಾನು ಬೇಯಿಸಿದ ಬೇಳೆಯನ್ನು ತೂಗಿ 200 ಗ್ರಾಂ ಬಡಿಸಿಕೊಂಡು 48 ಗ್ರಾಂ ಎಂದು ಬರೆದೆ. ಆದರೆ ಪೊಟ್ಟಣದ ಲೆಕ್ಕ ಒಣ ಬೇಳೆಯದ್ದು. ಬೇಳೆ ಬೇಯುವಾಗ ನೀರು ಕುಡಿದು ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ. ಬೇಯಿಸಿದ 200 ಗ್ರಾಂನಲ್ಲಿ ಇರುವುದು 18 ಗ್ರಾಂ ಮಾತ್ರ. ಒಂದೇ ಬಟ್ಟಲಿನಲ್ಲಿ 30 ಗ್ರಾಂ ತಪ್ಪು ಲೆಕ್ಕ. ಕೋಳಿ ಮಾಂಸದಲ್ಲಿ ಇದು ಉಲ್ಟಾ. ಬೇಯುವಾಗ ನೀರು ಬಿಟ್ಟು ತೂಕ ಇಳಿಯುತ್ತದೆ. ಹಸಿ ಎದೆಮಾಂಸ 100 ಗ್ರಾಂಗೆ 22ರಿಂದ 23 ಗ್ರಾಂ ಪ್ರೊಟೀನ್, ಬೆಂದದ್ದು 100 ಗ್ರಾಂ ಆದರೆ 30 ಗ್ರಾಂ. ಯಾವ ಸ್ಥಿತಿಯಲ್ಲಿ ತೂಗುತ್ತೇವೋ ಆ ಸ್ಥಿತಿಯ ಸಂಖ್ಯೆಯನ್ನೇ ಹಿಡಿಯಬೇಕು. ಅವತ್ತಿನಿಂದ ನಾನು ಎಲ್ಲವನ್ನೂ ಹಸಿಯಾಗಿಯೇ ತೂಗಿದೆ.

ಎರಡನೇ ತಪ್ಪು ಕಡಲೆಕಾಯಿ. ಅದು ಪ್ರೊಟೀನ್ ಎಂದು ಚಿಕ್ಕಂದಿನಿಂದ ಕೇಳಿದ್ದೆ. ಸಂಜೆ ಟಿವಿ ನೋಡುತ್ತ ಎರಡು ಹಿಡಿ ತಿನ್ನುತ್ತಿದ್ದೆ. ಒಂದು ದಿನ ತೂಗಿ ನೋಡಿದರೆ 60 ಗ್ರಾಂ. ಪ್ರೊಟೀನ್ 15 ಗ್ರಾಂ ಬಂತು ನಿಜ. ಅದರ ಜೊತೆ 340 ಕ್ಯಾಲೊರಿಯೂ ಬಂತು. ಆಟ ನಿಂತಿದ್ದಕ್ಕೆ ನಾನು ಕಡಿಮೆ ಮಾಡಬೇಕಿದ್ದ ಅಷ್ಟೂ ಕ್ಯಾಲೊರಿ ಆ ಎರಡು ಹಿಡಿಯಲ್ಲೇ ವಾಪಸ್ ಬಂದಿತ್ತು. ಅಷ್ಟೇ 15 ಗ್ರಾಂ ಪ್ರೊಟೀನ್ ಎರಡೂವರೆ ಮೊಟ್ಟೆಯಿಂದ 180 ಕ್ಯಾಲೊರಿಗೆ ಸಿಗುತ್ತದೆ. ಕಡಲೆಕಾಯಿ ಒಳ್ಳೆಯ ಆಹಾರವೇ. ಆದರೆ ಅದನ್ನು ಕೊಬ್ಬಿನ ಲೆಕ್ಕಕ್ಕೆ ಹಾಕಬೇಕು, ಪ್ರೊಟೀನ್ ಲೆಕ್ಕಕ್ಕಲ್ಲ.

ಈ ಎರಡು ತಪ್ಪು ತಿದ್ದಿಕೊಂಡ ಮೇಲೆ ಒಂದು ದಿನದ ಊಟ ಹೀಗೆ ನಿಂತಿತು. ಬೆಳಿಗ್ಗೆ ಮೂರು ಮೊಟ್ಟೆ, ಎರಡು ತುಂಡು ಬ್ರೆಡ್, ಒಂದು ಲೋಟ ಹಾಲು. ಮಧ್ಯಾಹ್ನ ಒಣ ತೂಕದಲ್ಲಿ 75 ಗ್ರಾಂ ಬೇಳೆ, ಒಂದು ಬಟ್ಟಲು ಅನ್ನ, ತರಕಾರಿ, ಒಂದು ಬಟ್ಟಲು ಮೊಸರು. ಈ ಎರಡು ಊಟದಲ್ಲೂ ತಲಾ 30 ಗ್ರಾಂ ಪ್ರೊಟೀನ್ ಬರುತ್ತಿತ್ತು. ಸಂಜೆ ವ್ಯಾಯಾಮ ಮುಗಿಸಿ ಹಾಲಿನಿಂದ ತೆಗೆದ ಪ್ರೊಟೀನ್ ಆದ ವೇ ಪುಡಿಯನ್ನು ಒಂದು ಚಮಚ ನೀರಿನಲ್ಲಿ ಕದಡಿ ಕುಡಿಯುತ್ತಿದ್ದೆ, ಜೊತೆಗೆ ಒಂದು ಹಣ್ಣು. ವೇ ಡಬ್ಬಿಯಲ್ಲೇ ಬರುವ ಚಮಚದಲ್ಲಿ 24 ಗ್ರಾಂ ಪ್ರೊಟೀನ್. ರಾತ್ರಿ 120 ಗ್ರಾಂ ಕೋಳಿ ಮಾಂಸ, ಸ್ವಲ್ಪ ಅನ್ನ, ಜಾಸ್ತಿ ತರಕಾರಿ. ಮಲಗುವ ಮೊದಲು ಇನ್ನೊಂದು ಲೋಟ ಹಾಲು. ಮಾಂಸ ತಿನ್ನದ ದಿನ 50 ಗ್ರಾಂ ಒಣ ಸೋಯಾ ಚಂಕ್ಸ್ ಹಾಕುತ್ತಿದ್ದೆ, ಅದರಲ್ಲಿ 26 ಗ್ರಾಂ ಪ್ರೊಟೀನ್ ಬರೀ 170 ಕ್ಯಾಲೊರಿಗೆ ಸಿಗುತ್ತದೆ. ಇಷ್ಟೆಲ್ಲ ಸೇರಿ ಪ್ರೊಟೀನ್ 125 ಗ್ರಾಂ ಮುಟ್ಟುತ್ತಿತ್ತು. ಕ್ಯಾಲೊರಿ 2050ರ ಹತ್ತಿರ ನಿಲ್ಲುತ್ತಿತ್ತು.

ವೇ ಪುಡಿ ಬೇಕೇ ಬೇಕು ಅಂತಿಲ್ಲ. ನನಗೆ ಸಂಜೆ ಅಡುಗೆ ಮಾಡಲು ಆಗುತ್ತಿರಲಿಲ್ಲ, ಅದಕ್ಕೆ ತಗೊಂಡೆ. ಹಾಗೆಯೇ ಕೊಲಾಜನ್ ಪುಡಿ ತಗೊಳ್ಳಬೇಕಾ ಎಂದು ಕೇಳಿದ್ದೆ. ಸ್ನಾಯು ಕಟ್ಟಲು ಅದು ಮೊಟ್ಟೆ ಹಾಲಿನಷ್ಟು ಕೆಲಸಕ್ಕೆ ಬರುವುದಿಲ್ಲ, ಮೊದಲು ಊಟ ಸರಿ ಮಾಡಿಕೊಳ್ಳಿ ಅಂದರು. ಅಲ್ಲಿಗೆ ಆ ವಿಷಯ ಮುಗಿಯಿತು.

ಕ್ಯಾಲೊರಿ ಎಲ್ಲಿ ಕತ್ತರಿಸಿದೆ ಎಂದು ಕೇಳಿದರೆ, ಮೂರೇ ಕಡೆ. ಅಡುಗೆ ಎಣ್ಣೆಯನ್ನು ಬಾಟಲಿಯಿಂದ ನೇರವಾಗಿ ಸುರಿಯುವುದು ಬಿಟ್ಟು ಟೀ ಚಮಚದಲ್ಲಿ ಅಳೆದೆ. ಊಟದ ದೊಡ್ಡ ಚಮಚದಷ್ಟು ಎಣ್ಣೆಗೆ 120 ಕ್ಯಾಲೊರಿ, ಅದು ಗೊತ್ತೇ ಆಗದೆ ಒಳಗೆ ಹೋಗುತ್ತದೆ. ಆಟದ ಮೊದಲು ತಿನ್ನುತ್ತಿದ್ದ ಬಾಳೆಹಣ್ಣು, ಆಟ ಮುಗಿಸಿ ಕುಡಿಯುತ್ತಿದ್ದ ಸಿಹಿ ಪಾನೀಯ ಎರಡನ್ನೂ ನಿಲ್ಲಿಸಿದೆ. ಅವು ಆಟಕ್ಕೆಂದೇ ಬಂದವು, ಆಟವಿಲ್ಲದಾಗ ಅವಕ್ಕೆ ಕೆಲಸವಿಲ್ಲ. ರಾತ್ರಿಯ ಅನ್ನ ಒಂದು ಸೌಟು ಕಡಿಮೆ ಮಾಡಿದೆ. ಅನ್ನ, ಬ್ರೆಡ್ ಪೂರ್ತಿ ಬಿಡಲಿಲ್ಲ. ಬಿಟ್ಟಿದ್ದರೆ ಪ್ರೊಟೀನ್ ಮತ್ತೆ ಉರುವಲಾಗುತ್ತಿತ್ತು.

ಹಸಿವಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಓಡಾಟ ಕಡಿಮೆಯಾದಷ್ಟೇ ಹಸಿವೂ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ. ಆಗುವುದಿಲ್ಲ. ಮೊದಲು ಆಡುತ್ತಿದ್ದ ಸಮಯಕ್ಕೆ, ಅಂದರೆ ಸಂಜೆ ಆರರಿಂದ ಎಂಟರವರೆಗೆ, ಕೈ ತಾನಾಗಿ ತಿಂಡಿ ಡಬ್ಬಿಗೆ ಹೋಗುತ್ತಿತ್ತು. ಅದಕ್ಕೇ ಫಿಸಿಯೊ ವ್ಯಾಯಾಮವನ್ನು ಆರು ಗಂಟೆಗೆ ಇಟ್ಟುಕೊಂಡೆ, ಪ್ರೊಟೀನ್ ಅದರ ಬೆನ್ನಿಗೇ. ಏಳು ಗಂಟೆಗೆ ಹೊಟ್ಟೆ ತುಂಬಿದ ಹಾಗಿರುತ್ತಿತ್ತು. ಡಬ್ಬಿಯ ನೆನಪು ಬರುವುದು ನಿಧಾನವಾಗಿ ನಿಂತಿತು.

ಪ್ರೊಟೀನ್ ತಿಂದು ಕೂತರೆ ಸಾಕಾಗುವುದಿಲ್ಲ ಎಂಬುದನ್ನು ಫಿಸಿಯೊ ಪ್ರತಿ ಸಲವೂ ನೆನಪಿಸುತ್ತಿದ್ದರು. ಸ್ನಾಯುವಿಗೆ ಕಟ್ಟು ಎಂದು ಹೇಳುವುದು ಭಾರ, ಪ್ರೊಟೀನ್ ಬರೀ ಸಾಮಗ್ರಿ. ಮೊದಲು ಕೂತು ಪಾದವನ್ನು ನೆಲಕ್ಕೆ ಒತ್ತಿ ಹಿಡಿಯುವುದು. ಎರಡನೇ ವಾರದ ಕೊನೆಗೆ ಎರಡೂ ಕಾಲಲ್ಲಿ ನಿಂತು ಹಿಮ್ಮಡಿ ಎತ್ತುವುದು. ನಾಲ್ಕನೇ ವಾರದಲ್ಲಿ ಎಡಗಾಲೊಂದರಲ್ಲೇ. ಜೊತೆಗೆ ವಾರಕ್ಕೆ ಮೂರು ದಿನ ಕೂತುಕೊಂಡೇ ಭುಜ, ಎದೆ, ಬೆನ್ನಿಗೆ ಡಂಬೆಲ್ ವ್ಯಾಯಾಮ. ಬಲಗಾಲಿಗೂ ಕೆಲಸ ಕೊಟ್ಟರು. ಉಳಿದ ದೇಹ ಸುಮ್ನೆ ಕೂತು ಸೊರಗಬಾರದು ಅಲ್ವಾ?

ಅಳತೆಗೆ ತಕ್ಕಡಿಯೊಂದನ್ನೇ ನಂಬುವುದು ಬಿಟ್ಟೆ. ಸ್ನಾಯು ಅರ್ಧ ಕಿಲೊ ಇಳಿದು ಕೊಬ್ಬು ಅರ್ಧ ಕಿಲೊ ಏರಿದರೆ ತಕ್ಕಡಿಯಲ್ಲಿ ಏನೂ ಕಾಣುವುದಿಲ್ಲ. ದಿನಾ ಬೆಳಿಗ್ಗೆ ಶೌಚ ಮುಗಿಸಿ ತೂಕ ನೋಡಿ ವಾರದ ಸರಾಸರಿ ತೆಗೆದೆ. ವಾರಕ್ಕೊಮ್ಮೆ ಹೊಕ್ಕುಳಿನ ಮಟ್ಟದಲ್ಲಿ ಹೊಟ್ಟೆಯ ಸುತ್ತಳತೆ. ಅದೇ ದಿನ ಎರಡೂ ಮೀನಖಂಡ, ಮಂಡಿಚಿಪ್ಪಿನ ಕೆಳ ಅಂಚಿನಿಂದ 12 ಸೆಂಟಿಮೀಟರ್ ಕೆಳಗೆ. ಜಾಗ ಒಂದು ಬೆರಳು ಆಚೀಚೆ ಆದರೂ ಅಳತೆ ಅರ್ಧ ಸೆಂಟಿಮೀಟರ್ ಬದಲಾಗುತ್ತದೆ, ಅದಕ್ಕೇ ಪ್ರತಿ ಸಲ ಮೊದಲು ಸ್ಕೇಲ್ ಇಟ್ಟು ಗುರುತು ಹಾಕಿಕೊಳ್ಳುತ್ತಿದ್ದೆ. ಹೊಟ್ಟೆ ಏರಿ ಮೀನಖಂಡ ನಿಂತಲ್ಲೇ ನಿಂತರೆ ಕ್ಯಾಲೊರಿ ಜಾಸ್ತಿಯಾಗಿದೆ ಎಂದರ್ಥ. ಹೊಟ್ಟೆಯೂ ಇಳಿದು ಮೀನಖಂಡವೂ ಇಳಿದರೆ ಕಡಿಮೆಯಾಗಿದೆ. ಕಡಲೆಕಾಯಿ ತಿಂದ ವಾರ ಹೊಟ್ಟೆ 86ರಿಂದ 86.7ಕ್ಕೆ ಹೋಗಿತ್ತು. ಅದನ್ನು ನೋಡಿಯೇ ನಾನು ಸಂಜೆಯ ಹಿಡಿಗಳನ್ನು ತಕ್ಕಡಿಗೆ ಹಾಕಿದ್ದು.

ನಾಲ್ಕನೇ ವಾರಕ್ಕೆ ಎಡ ಮೀನಖಂಡ 35.9. ಐದನೇ ವಾರಕ್ಕೆ 36.1. ಏರಿಕೆ ನಿಧಾನ, ಆದರೆ ನಿಲ್ಲಲಿಲ್ಲ. ರಾತ್ರಿ ಮೂರಕ್ಕೆ ಎಚ್ಚರವಾಗುವುದು ಊಟ ಸರಿಯಾದ ನಾಲ್ಕೈದು ದಿನದಲ್ಲೇ ಹೋಗಿತ್ತು.

ಐದನೇ ವಾರದ ಕೊನೆಗೆ ನಿಧಾನ ಓಟ ಶುರುವಾಯಿತು. ಹಳೆಯ 2400 ಕ್ಯಾಲೊರಿಗೆ ನೇರವಾಗಿ ಹಾರಲಿಲ್ಲ. ಓಡಿದ ದಿನ ಮಾತ್ರ 150 ಸೇರಿಸಿದೆ, ಅದೂ ಓಟಕ್ಕೆ ಮೊದಲು ಒಂದು ಬಾಳೆಹಣ್ಣು ಮತ್ತು ರಾತ್ರಿ ಬಿಟ್ಟಿದ್ದ ಅನ್ನದ ಸೌಟು. ಏಳನೇ ವಾರ ಕೋರ್ಟಿಗೆ ಇಳಿದಾಗ ಅರ್ಧ ಗಂಟೆಯ ಆಟವಿದ್ದ ದಿನ ಸುಮಾರು 200. ಪ್ರೊಟೀನ್ ಬದಲಿಸಲಿಲ್ಲ, 125ರಲ್ಲೇ ಇರಿಸಿದೆ.

ಆ ಏಳನೇ ವಾರ ಐದೇ ದಿನದಲ್ಲಿ ತೂಕ 900 ಗ್ರಾಂ ಏರಿತು. ಹಳೆಯ ಭಯ ಮತ್ತೆ ಎದ್ದಿತು. ರಾತ್ರಿ ಊಟ ಬಿಡೋಣ ಎಂದು ತಟ್ಟೆ ಪಕ್ಕಕ್ಕೆ ಸರಿಸಿಯೂ ಬಿಟ್ಟಿದ್ದೆ. ಆಮೇಲೆ ಟೇಪು ತೆಗೆದೆ. ಹೊಟ್ಟೆ 86, ಒಂದು ಗೆರೆಯೂ ಆಚೀಚೆ ಆಗಿರಲಿಲ್ಲ. 900 ಗ್ರಾಂ ಕೊಬ್ಬು ಕೂಡಲು ಐದು ದಿನದಲ್ಲಿ ಸುಮಾರು 7000 ಕ್ಯಾಲೊರಿ ಹೆಚ್ಚುವರಿ ತಿಂದಿರಬೇಕು, ನಾನು ಸೇರಿಸಿದ್ದು ಸಾವಿರವೂ ಇರಲಿಲ್ಲ, ಅದರಲ್ಲೂ ಬಹುಪಾಲು ಆಟಕ್ಕೆ ಖರ್ಚಾಗಿತ್ತು. ಮೊದಲ ಒಂಬತ್ತು ದಿನದಲ್ಲಿ ಹೊರಟುಹೋಗಿದ್ದ ಗ್ಲೈಕೋಜನ್ ಮತ್ತು ನೀರಿನ ಥರದ್ದೇ ತೂಕ, ಆಟ ಶುರುವಾದ ಕೂಡಲೇ ಸ್ನಾಯುವಿಗೆ ವಾಪಸ್ ಬಂದಿತ್ತು. ತಟ್ಟೆ ಮತ್ತೆ ಎಳೆದುಕೊಂಡು ಊಟ ಮುಗಿಸಿದೆ.

ಏಳು ವಾರ ಮುಗಿದ ದಿನ ತೂಕ 70.3, ಹೊಟ್ಟೆ 86, ಬಲ ಮೀನಖಂಡ 37, ಎಡ 36.4. ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತುವುದು ಬಲಗಾಲಲ್ಲಿ 25, ಎಡಗಾಲಲ್ಲಿ 21. ಆ ನಾಲ್ಕರ ವ್ಯತ್ಯಾಸ ಹೋಗುವವರೆಗೆ ಮುಂದಕ್ಕೆ ಚಿಮ್ಮುವ ಹೊಡೆತ ಬೇಡ ಎಂದು ಫಿಸಿಯೊ ಹೇಳಿದ್ದಾರೆ. ಸದ್ಯಕ್ಕೆ ನೆಟ್ ಹತ್ತಿರ ಬೀಳುವ ಶಟಲನ್ನು ಜೊತೆಗಾರನಿಗೆ ಬಿಡುತ್ತಿದ್ದೇನೆ.